ಮೊದಲ ದೇವರನಾಮಕ್ಕೆ ಎಷ್ಟು ಮನೆ ಬೇಕು?

"ಸಣ್ಣದೊಂದು ದೇವರನಾಮ ಹೇಳಿಕೊಡಿ ಮೇಡಂ, ವರಮಹಾಲಕ್ಷ್ಮಿ ಹಬ್ಬದ ಹೊತ್ತಿಗೆ ಬಂದರೆ ಸಾಕು" ಎಂದು ಅವರು ಬಂದಾಗ ಹಬ್ಬಕ್ಕೆ ಇನ್ನೂ ಎರಡು ತಿಂಗಳಿತ್ತು. ವಯಸ್ಸು ಐವತ್ನಾಲ್ಕು. ಚಿಕ್ಕಂದಿನಲ್ಲಿ ಒಂದು ವರ್ಷ ಪಾಠಕ್ಕೆ ಹೋಗಿದ್ದರಂತೆ, ಆಮೇಲೆ ಅಡುಗೆಮನೆಯ ಗುನುಗು ಬಿಟ್ಟರೆ ಹಾಡಿದ್ದಿಲ್ಲ. ಕಲಿಯಬೇಕಾದ ಹಾಡನ್ನೂ ಅವರೇ ತಂದಿದ್ದರು. ಯಾವುದೋ ಮದುವೆಯಲ್ಲಿ ಕೇಳಿ ಮೆಚ್ಚಿ ಫೋನಿನಲ್ಲಿ ಉಳಿಸಿಕೊಂಡದ್ದು. ಅದರ ಜೊತೆಗೇ ಹಾಡಿ ತೋರಿಸಿ ಎಂದೆ. ಪಲ್ಲವಿ ಚೆನ್ನಾಗಿಯೇ ಬಂತು. ಅನುಪಲ್ಲವಿ ಮೇಲೇರುತ್ತಿದ್ದಂತೆ ಗದ್ದ ಮೇಲಕ್ಕೆದ್ದಿತು, ಹುಬ್ಬೂ ಎದ್ದಿತು, ಸ್ವರ ಮಾತ್ರ ಇದ್ದಲ್ಲೇ ಇತ್ತು. ಚರಣದ ಕೆಳಗಿನ ಸಾಲಿಗೆ ಬಂದಾಗ ತುಟಿ ಆಡುತ್ತಿತ್ತೇ ಹೊರತು ಮಾತು ಕೇಳಲಿಲ್ಲ.

"ವಯಸ್ಸಾಯಿತು, ಇನ್ನೆಲ್ಲಿ" ಎಂದು ಫೋನು ಮುಚ್ಚಿದರು. ತಪ್ಪು ವಯಸ್ಸಿನದಲ್ಲ, ಹಾಡಿನ ಆಯ್ಕೆಯದು. ಇದನ್ನು ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲವಾದ್ದರಿಂದ ಹಾರ್ಮೋನಿಯಂ ಮುಂದೆ ಕೂರಿಸಿದೆ.

ದನಿಯ ಅಳತೆ ತೆಗೆಯುವುದಕ್ಕೆ ಸ್ವರಜ್ಞಾನ ಬೇಕಿಲ್ಲ. ಆರಾಮವಾಗಿ ಮಾತಾಡುವ ಎತ್ತರದಲ್ಲಿ ಒಂದು ಮನೆ ಒತ್ತಿ ಅದಕ್ಕೆ ದನಿ ಸೇರಿಸಿ, 'ರಾಮ' ಎಂದೋ 'ಅಮ್ಮ' ಎಂದೋ ಹಾಡುವುದು. ಬಿಳಿ, ಕರಿ ಯಾವುದನ್ನೂ ಬಿಡದೆ ಒಂದೊಂದೇ ಮನೆ ಕೆಳಗಿಳಿಯುವುದು. ಕೋಣೆಯ ಆಚೆ ಬದಿಯಲ್ಲಿ ಕೂತವರಿಗೆ ಮಾತು ಸ್ಪಷ್ಟವಾಗಿ ಕೇಳುವ ಕೊನೆಯ ಮನೆಯೇ ಕೆಳಗಿನ ಮೇರೆ. ಇನ್ನೂ ಕೆಳಗೆ ದನಿ ಗೊರಗೊರ ಎನ್ನಬಹುದು, ಅದು ಲೆಕ್ಕಕ್ಕಿಲ್ಲ. ಮೇಲಕ್ಕೆ ಹೋಗುವಾಗ ಕೇಳಿಕೊಳ್ಳಬೇಕಾದದ್ದು ಬೇರೆ: ಇದನ್ನು ಮೆಲ್ಲಗೆ ಹಾಡಬಲ್ಲೆನೆ? ಕೂಗಿದರೆ ಎಲ್ಲರ ದನಿಯೂ ಎರಡು ಮೂರು ಮನೆ ಮೇಲೆ ಹೋಗುತ್ತದೆ, ಆದರೆ ಮೆಲ್ಲಗೆ ಹಾಡಲಾಗದ ಸ್ವರ ಇನ್ನೂ ನಮ್ಮದಾಗಿಲ್ಲ. ಎದ್ದ ಕೂಡಲೇ ಅಳೆಯಬಾರದು, ಬೆಳಗಿನ ದನಿ ಕೆಳಗಿರುತ್ತದೆ. ಮೂರು ಸಂಜೆ ಅಳೆದು ಮೂರರಲ್ಲೂ ಸಿಕ್ಕ ಮನೆಗಳನ್ನಷ್ಟೇ ಇಟ್ಟುಕೊಂಡರೆ ಮೋಸವಿಲ್ಲ.

ಅವರ ಕೆಳಗಿನ ಮೇರೆ ಐದನೇ ಬಿಳಿ ಮನೆಗೆ ನಿಂತಿತು. ಮೇಲಿನದು ಮುಂದಿನ ಸ್ಥಾಯಿಯ ಆರನೇ ಬಿಳಿ ಮನೆ. ಎಣಿಸಿದರೆ ಬಿಳಿ ಕರಿ ಸೇರಿ ಹದಿನೈದು ಮನೆ. ಅಭ್ಯಾಸವಿಲ್ಲದ ದನಿಗೆ ಇದೇನೂ ಕಮ್ಮಿಯಲ್ಲ. ಮದುವೆಮನೆಯ ಹಾಡನ್ನೂ ಹಾಗೆಯೇ ಎಣಿಸಿದೆವು. ಅದರ ಅತಿ ಕೆಳಗಿನ ಸ್ವರ ಮಂದ್ರ ಪಂಚಮ, ಅತಿ ಮೇಲಿನದು ತಾರ ಸ್ಥಾಯಿಯ ಅಂತರ ಗಾಂಧಾರ. ಅಂದರೆ ಇಪ್ಪತ್ತೆರಡು ಮನೆ. ಹಾಡಿದ್ದವರ ಶ್ರುತಿ ಐದೂವರೆ. ಆ ಶ್ರುತಿಯಲ್ಲಿ ಹಾಡು ಇವರ ದನಿಯಿಂದ ಮೇಲಕ್ಕೆ ಮೂರು ಮನೆ, ಕೆಳಕ್ಕೆ ನಾಲ್ಕು ಮನೆ ಚಾಚಿಕೊಂಡಿತ್ತು.

"ಹಾಗಾದರೆ ಶ್ರುತಿ ಇಳಿಸಿ ಹಾಡೋಣ" ಎಂದರು. ಎಲ್ಲರೂ ಹೇಳುವುದು ಅದನ್ನೇ. ಮೂರು ಮನೆ ಇಳಿಸಿ ನಾಲ್ಕನೇ ಬಿಳಿ ಮನೆಯನ್ನು ಷಡ್ಜ ಮಾಡಿಕೊಂಡರೆ ಮೇಲಿನ ತುದಿ ಸರಿಹೋಗುತ್ತದೆ, ಆದರೆ ಕೆಳಗೆ ಈಗ ಏಳು ಮನೆ ಮುಳುಗುತ್ತವೆ. ಶ್ರುತಿ ಹಾಡನ್ನು ಮೇಲೆ ಕೆಳಗೆ ಸರಿಸುತ್ತದೆಯೇ ಹೊರತು ಅದರ ಉದ್ದವನ್ನು ಕಡಿಮೆ ಮಾಡುವುದಿಲ್ಲ. ಹದಿನೈದು ಅಡಿಯ ಕೋಣೆಗೆ ಇಪ್ಪತ್ತೆರಡು ಅಡಿಯ ಜಮಖಾನೆಯನ್ನು ಎತ್ತ ಎಳೆದರೂ ಒಂದು ಕಡೆ ಗೋಡೆ ಹತ್ತಲೇಬೇಕು.

ಚಿಕ್ಕಂದಿನ ಶ್ರುತಿಯೂ ಐದೂವರೆಯೇ ಎಂದು ಅವರಿಗೆ ನೆನಪಿತ್ತು. ಹೆಣ್ಣುಮಕ್ಕಳ ಪಾಠದಲ್ಲಿ ಇದು ಸಾಮಾನ್ಯ, ನಾಲ್ಕೂವರೆಯಿಂದ ಆರರವರೆಗೆ ಯಾವುದೋ ಒಂದು. ಆದರೆ ಮುಟ್ಟು ನಿಂತ ಮೇಲೆ ಹೆಣ್ಣುದನಿ ತುಸು ಇಳಿಯುತ್ತದೆ. ಹದಿಮೂರನೇ ವಯಸ್ಸಿನ ಶ್ರುತಿಯನ್ನು ಐವತ್ತರಲ್ಲೂ ಹಿಡಿದುಕೊಂಡು, ಗಂಟಲು ಕೆಟ್ಟಿದೆ ಎಂದು ಕಷಾಯ ಕುಡಿಯುವವರನ್ನು ನಾನು ನೋಡಿದ್ದೇನೆ.

ಸರಿ, ಪಾಠದ ಕ್ರಮದಲ್ಲಿ ಎಲ್ಲರೂ ಕಲಿಯುವ ಮೊದಲ ಗೀತೆಯಾದರೂ ಆದೀತೆ? ಪುರಂದರದಾಸರ ಪಿಳ್ಳಾರಿ ಗೀತೆಗಳು ಮಲಹರಿ ರಾಗದಲ್ಲಿವೆ. ಅವುಗಳಲ್ಲಿ ಮೊದಲು ಹೇಳಿಕೊಡುವ ಗಣಪತಿಯ ಗೀತೆ ಮಧ್ಯಮದಲ್ಲಿ ಹೊರಟು ಮೊದಲ ಸಾಲಿನಲ್ಲೇ ತಾರ ಷಡ್ಜ ದಾಟಿ ತಾರ ರಿಷಭವನ್ನು ಮುಟ್ಟುತ್ತದೆ. ಕೆಳಗೆ ಮಧ್ಯ ಷಡ್ಜದವರೆಗೆ ಬರುತ್ತದೆ. ಒಟ್ಟು ಹದಿನಾಲ್ಕು ಮನೆ. ಐದನೇ ಬಿಳಿ ಮನೆಯನ್ನು ಷಡ್ಜ ಮಾಡಿಕೊಂಡರೆ ಅವರ ದನಿಯಲ್ಲಿ ಮೇಲೆ ಒಂದೇ ಒಂದು ಮನೆ ಉಳಿಯುತ್ತದೆ, ಕೆಳಗೆ ಏನೂ ಇಲ್ಲ. ಮಕ್ಕಳು ಈ ಗೀತೆಗೆ ಬರುವ ಹೊತ್ತಿಗೆ ಸರಳೆ, ಜಂಟಿ, ಅಲಂಕಾರ ಮುಗಿಸಿ ತಾರ ಷಡ್ಜವನ್ನು ನೂರಾರು ಸಲ ಮುಟ್ಟಿರುತ್ತಾರೆ. ನೇರವಾಗಿ ಹಾಡಿಗೇ ಕೂತ ವಯಸ್ಕರಿಗೆ ಮೊದಲ ಸಾಲಿನಲ್ಲೇ ಮೇಲಿನ ಮೆಟ್ಟಿಲು. 'ಮೊದಲ ಗೀತೆ' ಎಂಬ ಹೆಸರು ಆ ಪಾಠಕ್ರಮದ ಒಳಗೆ ಮಾತ್ರ ನಿಜ.

ಇಲ್ಲಿ ನಮ್ಮ ಸಂಗೀತದಲ್ಲೇ ಒಂದು ಒಳದಾರಿ ಇದೆ. ಕೆಲವು ರಾಗಗಳು ತಾರ ಷಡ್ಜಕ್ಕೆ ಹೋಗುವುದೇ ಇಲ್ಲ. ನಾದನಾಮಕ್ರಿಯೆ, ಪುನ್ನಾಗವರಾಳಿ ಇಂಥವು. ಮಂದ್ರ ನಿಷಾದದಿಂದ ಹೊರಟು ಮಧ್ಯ ಸ್ಥಾಯಿಯ ನಿಷಾದಕ್ಕೆ ನಿಂತು ಹಿಂದಿರುಗುತ್ತವೆ, ಆದ್ದರಿಂದಲೇ ಅವಕ್ಕೆ ನಿಷಾದಾಂತ್ಯ ರಾಗಗಳೆಂದು ಹೆಸರು. ನವರೋಜು ಇನ್ನೂ ತಗ್ಗಿನದು, ಮಂದ್ರ ಪಂಚಮದಿಂದ ಮಧ್ಯ ಪಂಚಮಕ್ಕೆ ಮುಗಿಯುವ ಪಂಚಮಾಂತ್ಯ ರಾಗ. ಲಾಲಿಹಾಡು, ಉತ್ಸವದ ಹಾಡುಗಳು ಇಂಥ ರಾಗಗಳಲ್ಲಿ ಸಿಗುವುದು ಸಹಜವೇ ಆಗಿದೆ. ತೊಟ್ಟಿಲ ಪಕ್ಕ ಕೂತವರಿಗೂ ಪಲ್ಲಕ್ಕಿಯ ಹಿಂದೆ ನಡೆಯುವವರಿಗೂ ತಾರ ಸ್ಥಾಯಿಯ ಹಂಗು ಇರಬಾರದಲ್ಲ. ನಿಷಾದದಿಂದ ನಿಷಾದಕ್ಕೆ ಹದಿಮೂರೇ ಮನೆ.

ಈ ರಾಗಗಳನ್ನು ಸಾಮಾನ್ಯವಾಗಿ ಮಧ್ಯಮ ಶ್ರುತಿಯಲ್ಲಿ ಹಾಡುತ್ತಾರೆ. ಹಾಡುವವರ ಎಂದಿನ ಮಧ್ಯಮವನ್ನೇ ಷಡ್ಜವೆಂದುಕೊಂಡು ಇಡೀ ಹಾಡನ್ನು ಐದು ಮನೆ ಮೇಲೆ ಕೂರಿಸುವ ಪದ್ಧತಿ ಅದು. ಮೇಲೆ ತಾರ ಸ್ಥಾಯಿ ಖಾಲಿ ಇರುವುದರಿಂದ ಎತ್ತಿ ಕೂರಿಸಿದರೆ ಕೆಳಗಿನ ಸ್ವರಗಳು ದನಿಯ ಹಸನಾದ ಭಾಗಕ್ಕೆ ಬರುತ್ತವೆ. ಹೊಸಬರು ಪೂರ್ತಿ ಐದು ಮನೆ ಏರಲೇಬೇಕೆಂದಿಲ್ಲ. ನಮ್ಮವರಿಗೆ ಆರನೇ ಬಿಳಿ ಮನೆಯನ್ನು ಷಡ್ಜ ಮಾಡಿದೆವು. ಅಲ್ಲಿ ಹಾಡಿನ ಕೆಳಗಿನ ನಿಷಾದ ಅವರ ಮೇರೆಗಿಂತ ಒಂದು ಮನೆ ಒಳಗೆ, ಮೇಲಿನ ನಿಷಾದವೂ ಒಂದು ಮನೆ ಒಳಗೆ. ಎರಡೂ ತುದಿಯಲ್ಲಿ ಒಂದೊಂದು ಮನೆ ಉಸಿರಾಡಲು ಉಳಿಯಿತು.

ಮೇರೆ ಸರಿಹೋದರೆ ಮುಗಿಯಲಿಲ್ಲ. ಹಾಡು ಹೆಚ್ಚು ಹೊತ್ತು ಎಲ್ಲಿ ಕೂತಿರುತ್ತದೆ ಎಂಬುದೂ ಅಷ್ಟೇ ಮುಖ್ಯ. ಒಂದು ಹಾಡು ಎತ್ತರದ ಸ್ವರವನ್ನು ಚರಣಕ್ಕೊಮ್ಮೆ ಮುಟ್ಟಿ ಇಳಿಯಬಹುದು, ಇನ್ನೊಂದು ಅಲ್ಲೇ ಠಿಕಾಣಿ ಹೂಡಿ ಸಾಲು ಸಾಲು ಹೇಳಿಸಬಹುದು. ಎಣಿಕೆಯಲ್ಲಿ ಎರಡೂ ಒಂದೇ. ಇದನ್ನು ಪತ್ತೆಹಚ್ಚಲು ಸಾಹಿತ್ಯದ ಹಾಳೆಯಲ್ಲಿ ನಿಮ್ಮ ಮೇಲಿನ ಮೂರು ಮನೆಗಳ ಮೇಲೆ ಬೀಳುವ ಅಕ್ಷರಗಳಿಗೆಲ್ಲ ಚುಕ್ಕೆ ಇಡಿ. ಅಲ್ಲಲ್ಲಿ ಒಂದೊಂದು ಚುಕ್ಕೆ ಇದ್ದರೆ ಅಡ್ಡಿಯಿಲ್ಲ. ಒಂದೇ ಸಾಲಿನಲ್ಲಿ ಹುರಿಗಡಲೆ ಚೆಲ್ಲಿದಂತೆ ಕಂಡರೆ ಆ ಹಾಡನ್ನು ಮುಂದಿನ ವರ್ಷಕ್ಕೆ ಇಡುವುದು ವಾಸಿ. ಚುಕ್ಕೆ ಬಿದ್ದ ಅಕ್ಷರದ ಸ್ವರವನ್ನೂ ನೋಡಿ. 'ಆ', 'ಓ' ಇದ್ದರೆ ಗಂಟಲು ತೆರೆದುಕೊಳ್ಳುತ್ತದೆ. ಮೇಲೆ ನಿಂತಾಗ 'ಈ' ಅಥವಾ 'ಊ' ಬಂದರೆ ಹೊಸಬರ ಗಂಟಲು ಬಿಗಿಯುತ್ತದೆ, 'ನೀ' ಹೋಗಿ 'ನೇ' ಆಗುತ್ತದೆ.

ಹಾಗೆ ಹುಡುಕಿ ಆರಿಸಿದ್ದು ಪುರಂದರದಾಸರ 'ದಾಸನ ಮಾಡಿಕೊ ಎನ್ನ', ನಾದನಾಮಕ್ರಿಯೆಯ ಮಟ್ಟಿನಲ್ಲಿ. ಮಟ್ಟು ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ದಾಸರು ತಾವೇ ಹಾಡಿದ ಧಾಟಿಗಳು ಬಹುಪಾಲು ನಮಗೆ ಉಳಿದಿಲ್ಲ. ಒಂದೇ ಪದವನ್ನು ಕಚೇರಿಯಲ್ಲಿ ಒಂದು ರಾಗದಲ್ಲಿ, ಭಜನಾ ಮಂಡಳಿಯಲ್ಲಿ ಇನ್ನೊಂದರಲ್ಲಿ, ಅಜ್ಜಿಯ ಬಾಯಲ್ಲಿ ಮತ್ತೊಂದರಲ್ಲಿ ಕೇಳುತ್ತೇವೆ. ಪುಸ್ತಕದಲ್ಲಿ ಅಚ್ಚಾದ ರಾಗ ನೀವು ಕೇಳಿದ ರಾಗವೇ ಆಗಿರಬೇಕೆಂದಿಲ್ಲ. ಆದ್ದರಿಂದ ಮೆಚ್ಚಿದ ಪದ ದನಿಗೆ ಮೀರಿದ್ದರೆ ಪದವನ್ನು ಬಿಡುವ ಮುನ್ನ ಅದರ ಬೇರೆ ಮಟ್ಟುಗಳನ್ನು ಕೇಳಿನೋಡಬಹುದು. ಹಿರಿಯ ಹೆಂಗಸರ ಭಜನೆಯ ಮಟ್ಟು ಎಷ್ಟೋ ಸಲ ಐದಾರು ಮನೆ ಚಿಕ್ಕದಾಗಿರುತ್ತದೆ.

ಈಗ ಭಾಷೆಯ ಮಾತು. ಕನ್ನಡಿಗರಿಗೆ ಕನ್ನಡದ ಹಾಡು ಸುಲಭ ಎನ್ನುವುದು ಅರ್ಧ ನಿಜ. 'ವೆಂಕಟಾಚಲ ನಿಲಯಂ' ದಾಸರದೇ ಆದರೂ ಅದರ ಮೈಯೆಲ್ಲ ಸಂಸ್ಕೃತ ಸಮಾಸಗಳು. ಸಮಾಸದ ನಡುವೆ ಉಸಿರು ತೆಗೆದರೆ ಅರ್ಥ ಎರಡು ಹೋಳಾಗುತ್ತದೆ, ತೆಗೆಯದಿದ್ದರೆ ಹಾಡುವವರು ಸುಸ್ತಾಗುತ್ತಾರೆ. ನಾನು ಹೊಸಬರಿಗೆ ಹೇಳುವುದು ಇಷ್ಟೆ: ಹಾಡುವ ಮೊದಲು ಸಾಹಿತ್ಯವನ್ನು ಗದ್ಯದಂತೆ, ಪಕ್ಕದ ಮನೆಯವರಿಗೆ ಸುದ್ದಿ ಹೇಳುವ ಹಾಗೆ ಓದಿ. ಎಲ್ಲಿ ತಡವರಿಸುತ್ತೀರೋ ಹಾಡುವಾಗಲೂ ಅಲ್ಲೇ ತಡವರಿಸುತ್ತೀರಿ. ಪಲ್ಲವಿಯಲ್ಲೇ ಮೂರು ಕಡೆ ನಿಂತರೆ ಅದು ಮೊದಲ ಹಾಡಲ್ಲ.

ತಡವರಿಸುವುದಕ್ಕಿಂತ ಅಪಾಯದ್ದು ತಡವರಿಸದೆ ತಪ್ಪು ತಿಳಿಯುವುದು. ನಮ್ಮವರು ಹಾಡನ್ನು ಸರಾಗವಾಗಿ ಓದಿದರು. 'ಸಾಸಿರ' ಎಂದರೆ ಸಾವಿರ ಎಂದೂ ಹೇಳಿದರು. ಮೊದಲ ಚರಣದ 'ಹರಣ' ಏನು ಎಂದಾಗ "ಸೀತಾಪಹರಣ ಅಂತೀವಲ್ಲ, ಅದೇ" ಎಂದರು. ಇಲ್ಲಿ ಹರಣ ಎಂದರೆ ಪ್ರಾಣ, ಅದರ ತದ್ಭವ. ಅದು ತಿಳಿದ ಮೇಲೆ ಆ ಸಾಲನ್ನು ಅವರು ಒಡೆದು ಹಾಡುವ ಜಾಗವೇ ಬದಲಾಯಿತು. ಮೊದಲು ಆ ಪದದ ನಡುವೆ ಉಸಿರು ತೆಗೆಯುತ್ತಿದ್ದರು, ಈಗ ಅದಕ್ಕೆ ಮುಂಚೆ. ಇಂಥ ಒಂದೆರಡು ಪದ ಇರುವ ಹಾಡನ್ನು ನಾನು ಬೇಡ ಎನ್ನುವುದಿಲ್ಲ. ಸಾಲಿಗೊಂದು ಇದ್ದರೆ ಮಾತ್ರ ಮುಂದೂಡುತ್ತೇನೆ.

ಕನ್ನಡ ಮಾತಾಡಬಲ್ಲ, ಓದಲು ಬಾರದ ಹೊರನಾಡಿನ ಕನ್ನಡಿಗರ ತೊಂದರೆ ಇನ್ನೊಂದು ಬಗೆಯದು. ಅವರು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡ ಹಾಳೆಯಲ್ಲಿ ಲಕಾರ ಳಕಾರ ಒಂದಾಗಿರುತ್ತವೆ, ನಕಾರ ಣಕಾರ ಒಂದಾಗಿರುತ್ತವೆ, ಹ್ರಸ್ವ ದೀರ್ಘಕ್ಕೆ ದಿಕ್ಕಿಲ್ಲ. ಅವರಿಗೆ ಮೊದಲ ಹಾಡು ಹಾಳೆಯಿಂದ ಬೇಡ, ಕಿವಿಯಿಂದಲೇ ಆಗಲಿ, ಒಂದು ಸಾಲು ಹೇಳಿಸಿ ಇನ್ನೊಂದು ಸಾಲು. ಹಾಗಾಗಿ ಅವರ ಹಾಡು ಇನ್ನೂ ಚಿಕ್ಕದಿರಬೇಕು.

ಚಿಕ್ಕದು ಎಂದರೇನು ಎನ್ನುವುದರಲ್ಲೇ ಹೆಚ್ಚು ಜನ ಎಡವುತ್ತಾರೆ. ನಿಮಿಷದ ಲೆಕ್ಕ ಉಪಯೋಗಕ್ಕೆ ಬಾರದು. ವ್ಯಾಸರಾಯರ 'ಕೃಷ್ಣಾ ನೀ ಬೇಗನೆ ಬಾರೋ' ಹಾಡನ್ನು ತಿಂಗಳಿಗೊಬ್ಬರಾದರೂ ಮೊದಲ ಹಾಡೆಂದು ತರುತ್ತಾರೆ. ಮಾತು ಕೆಲವೇ, ಮಗುವಿಗೂ ತಿಳಿಯುವಂಥವು. ಆದರೆ ಯಮುನಾಕಲ್ಯಾಣಿಯಲ್ಲಿ, ನಿಧಾನದ ಮಿಶ್ರಛಾಪಿನಲ್ಲಿ ಹಾಡುವಾಗ ಆ ಕೆಲವೇ ಮಾತು ತಾಳದ ಮೇಲೆ ಉದ್ದಕ್ಕೆ ಹರಡಿಕೊಳ್ಳುತ್ತದೆ. ಮಾತು ಕಡಿಮೆಯಾದಷ್ಟೂ ಒಂದೊಂದು ಅಕ್ಷರವನ್ನು ಹೊತ್ತು ನಿಲ್ಲುವ ಹೊತ್ತು ಹೆಚ್ಚು. ಸೆಕೆಂಡಿಗೊಂದು ಅಕ್ಷರಕಾಲದಂತೆ ಹಾಕಿದ ಆದಿತಾಳದ ಒಂದು ಆವರ್ತ ಎಂಟು ಸೆಕೆಂಡು. ನನ್ನಲ್ಲಿಗೆ ಬರುವ ಹೊಸಬರ ದನಿ ಆರೇಳು ಸೆಕೆಂಡಿಗೇ ಅಲುಗಾಡತೊಡಗುತ್ತದೆ. ಅಂಥವರಿಗೆ ಮಾತು ತುಂಬಿದ, ಮಧ್ಯಗತಿಯ, ಅರ್ಧ ಆವರ್ತಕ್ಕೊಮ್ಮೆ ಪದ ಮುಗಿಯುವ ಹಾಡು ಉದ್ದವಿದ್ದರೂ ಹಗುರ.

ವಚನಗಳದು ಇದರ ತಿರುವುಮುರುವು. ಬಸವಣ್ಣನವರ ಐದಾರು ಸಾಲಿನ ವಚನ ನೋಡಲು ಅಂಗೈಯಗಲ. ಭಾಷೆಯೂ ಬಹುಪಾಲು ನಮ್ಮ ನಿತ್ಯದ್ದಕ್ಕೆ ಹತ್ತಿರ. ಆದರೆ ವಚನಕ್ಕೆ ಛಂದಸ್ಸಿನ ಕಟ್ಟಿಲ್ಲ, ಸಾಲುಗಳು ಸಮ ಇಲ್ಲ, ಹಾಡಾಗಿ ಕಟ್ಟಿದಾಗ ಸಾಲಿಗೊಂದು ಹೊಸ ಸ್ವರದ ನಡೆ. ಮರಳಿ ಬರುವುದು ಕಡಿಮೆ. ಹಾಗಾಗಿ ಮೂರು ನಿಮಿಷದ ವಚನದಲ್ಲಿ ಕಲಿಯಬೇಕಾದ ಧಾಟಿ ಎಂಟು ಚರಣದ ದೇವರನಾಮಕ್ಕಿಂತ ಹೆಚ್ಚಿರಬಹುದು. ಉತ್ತರ ಕರ್ನಾಟಕದ ಗೆಳೆಯರು ಇದನ್ನು ಒಪ್ಪಲಾರರು, ಅವರ ಕಿವಿಯಲ್ಲಿ ಆ ನಡೆಗಳು ಹುಟ್ಟಿನಿಂದಲೇ ಇರುತ್ತವೆ. ಅವರ ಮಾತೂ ಸರಿಯೇ.

ದೇವರನಾಮದ ಅನುಕೂಲ ಬೇರೆ. ಅನೇಕ ಪದಗಳಲ್ಲಿ ಚರಣಗಳಿಗೆಲ್ಲ ಒಂದೇ ಧಾಟಿ, ನಡುನಡುವೆ ಪಲ್ಲವಿ ಮರಳುತ್ತದೆ. ಒಂದು ಚರಣದ ಸ್ವರ ಕಲಿತರೆ ಸಂಗೀತದ ಕೆಲಸ ಮುಗಿಯಿತು, ಉಳಿದದ್ದು ಮಾತಿನ ನೆನಪು. ವಯಸ್ಕರು ಸೋಲುವುದು ಅಲ್ಲಿ. ಎರಡನೇ ಚರಣದ ಅರ್ಧ ಹಾಡಿ ಮೂರನೆಯದಕ್ಕೆ ಜಾರುತ್ತಾರೆ, ಧಾಟಿ ಒಂದೇ ಆದ್ದರಿಂದ ಜಾರಿದ್ದು ತಿಳಿಯುವುದೂ ಇಲ್ಲ. ಚರಣಗಳಿಗೆ ತಮ್ಮದೇ ಒಂದು ಕ್ರಮ ಇದ್ದರೆ ಈ ತೊಂದರೆ ಇಲ್ಲ. ದಶಾವತಾರದ ಹಾಡುಗಳಲ್ಲಿ ಮತ್ಸ್ಯ ಆದ ಮೇಲೆ ಕೂರ್ಮ, ಆಮೇಲೆ ವರಾಹ ತಾನಾಗಿ ಬರುತ್ತಾನೆ. ಅಂಥ ಕ್ರಮ ಇಲ್ಲದಿದ್ದರೆ ಚರಣ ಬಿಡಬಹುದು, ದೊಡ್ಡ ಗಾಯಕರೂ ಬಿಡುತ್ತಾರೆ. ಅಂಕಿತ ಇರುವ ಕೊನೆಯ ಚರಣವನ್ನು ಮಾತ್ರ ಬಿಡುವ ವಾಡಿಕೆಯಿಲ್ಲ. ಪುರಂದರ ವಿಠಲ ಬಾರದ ದಾಸರ ಪದ ಸಹಿ ಹಾಕದ ಕಾಗದ ಇದ್ದ ಹಾಗೆ.

ನಾವು ಆರಿಸಿದ ಪದದಲ್ಲಿ ಮೂರೇ ಚರಣ, ಮೂರಕ್ಕೂ ಒಂದೇ ಧಾಟಿ. ಬಿಡುವ ಅಗತ್ಯವೇ ಬರಲಿಲ್ಲ. ಮೊದಲ ಎರಡು ವಾರ ಪಲ್ಲವಿ ಮತ್ತು ಮೊದಲ ಚರಣ, ನಿಧಾನಕ್ಕೆ ಶ್ರುತಿಪೆಟ್ಟಿಗೆಯ ಜೊತೆ. ಫೋನಿನಲ್ಲಿರುವ ಬೇರೆಯವರ ಹಾಡಿನ ಜೊತೆ ಹಾಡಕೂಡದು ಎಂದು ಕಟ್ಟುನಿಟ್ಟು ಮಾಡಿದ್ದೆ, ಅದು ಅವರ ಶ್ರುತಿಗೆ ಎಳೆದುಬಿಡುತ್ತದೆ. ಮೂರನೇ ವಾರ ಎರಡನೇ ಚರಣ ಸೇರಿಸಿದಾಗ ಒಂದು ಗೊಂದಲ ಬಂತು. ಮೇಲಿನ ನಿಷಾದದ ಹತ್ತಿರ ದನಿ ಸ್ವಲ್ಪ ಕೆಳಗೇ ನಿಲ್ಲುತ್ತಿತ್ತು. ಶ್ರುತಿ ಒಂದು ಮನೆ ಇಳಿಸಿ ನೋಡಿದೆವು, ಆಗಲೂ ಅಲ್ಲೇ ಜಾರಿತು. ಅಂದರೆ ಎತ್ತರ ಕಾರಣವಲ್ಲ. ಹಿಂದಿನ ಸಾಲಿನ ಕೊನೆಯಲ್ಲಿ ಉಸಿರು ತೆಗೆಯದೆ ಅದಕ್ಕೇ ಅಂಟಿಸಿ ಹಾಡುತ್ತಿದ್ದರು. ಉಸಿರಿಗೆ ಜಾಗ ಗುರುತಿಸಿದ ಮೇಲೆ ಸ್ವರ ತಾನೇ ಮೇಲಕ್ಕೆ ಬಂತು. ತಪ್ಪು ಎಲ್ಲಿದೆ ಎಂದು ತಿಳಿಯದಿದ್ದಾಗ ನಾನು ಮೊದಲು ಮಾಡುವುದು ಇದನ್ನೇ. ಶ್ರುತಿ ಇಳಿಸಿದಾಗ ತಪ್ಪು ಮಾಯವಾದರೆ ಅದು ಎತ್ತರದ್ದು, ಮಾಯವಾಗದಿದ್ದರೆ ಉಸಿರಿನದೋ ಮಾತಿನದೋ.

ಹಬ್ಬದ ದಿನ ಮೂರು ಚರಣವನ್ನೂ ಪುಸ್ತಕ ನೋಡದೆ ಹಾಡಿದರಂತೆ. ಮುಂದಿನ ಹಾಡಿಗೆ ನನ್ನ ನಿಯಮ ಒಂದೇ: ಮೂರರಲ್ಲಿ ಒಂದನ್ನಷ್ಟೇ ಏರಿಸುವುದು. ಮನೆ ಹೆಚ್ಚಿದರೆ ಭಾಷೆ, ಉದ್ದ ಹಾಗೇ ಇರಲಿ. ಭಾಷೆ ಗಟ್ಟಿಯಾದರೆ ಹದಿಮೂರು ಮನೆಯ ಒಳಗೇ ಇರಲಿ. ಮೊದಲ ಹಾಡು ಕೈಗೆ ಬಂದಿದೆಯೇ ಎಂದು ತಿಳಿಯಲು ಅದನ್ನು ಮೂರು ದಿನ ಮುಟ್ಟದೆ ಬಿಟ್ಟು, ನಾಲ್ಕನೇ ದಿನ ಹಾಳೆಯಿಲ್ಲದೆ, ಮೇಲಿನ ಸಾಲನ್ನು ಮೆಲ್ಲಗೆ ಹಾಡಿಸಿ ನೋಡುತ್ತೇನೆ. ಅಲ್ಲಿಯತನಕ ಹೊಸದಿಲ್ಲ.

ದೀಪಾವಳಿ ಮುಗಿದ ಮೇಲೆ ಅವರು ಒಂದು ಚೀಟಿ ತಂದರು. ಅದರಲ್ಲಿ ನಾಲ್ಕು ಹಾಡುಗಳ ಹೆಸರು, ಪ್ರತಿಯೊಂದರ ಮುಂದೆ ಮನೆಯ ಸಂಖ್ಯೆ. ಮಗಳ ಕೀಬೋರ್ಡಿನಲ್ಲಿ ಎಣಿಸಿದ್ದಂತೆ. ಮದುವೆಮನೆಯ ಹಾಡೂ ಅಲ್ಲಿತ್ತು, ಇಪ್ಪತ್ತೆರಡು ಎಂದು ಬರೆದು ಅಡಿಗೆರೆ ಎಳೆದಿದ್ದರು. ಅವರ ದನಿ ಆಗ ಹದಿನಾರಕ್ಕೆ ಬಂದಿತ್ತು. "ಇದು ಹದಿನೈದು ಮೇಡಂ, ಮಾತೂ ಸಲೀಸು. ಆದರೆ ಏಳು ಚರಣ" ಎಂದು ಮೂರನೆಯದನ್ನು ತೋರಿಸಿದರು. ಮನೆ ಎರಡು ಏರಿತು, ಉದ್ದವೂ ಏರಿತಲ್ಲ ಎಂದೆ. ಪೆನ್ನು ತೆಗೆದುಕೊಂಡು ಏಳನ್ನು ಹೊಡೆದು ಮೂರು ಎಂದು ತಿದ್ದಿದರು. ಪಕ್ಕದಲ್ಲಿ ಸಣ್ಣದಾಗಿ ಬರೆದರು: ಕೊನೆಯದು ಸೇರಿ.